ಕತೆಯೊಳಗೆ ಕೂತಿರುವವರು ಯಾರು? ಓದುಗರನ್ನು ಮಾತಾಡಿಸುವ ಕತೆಯನ್ನು ಓದುವ ಬಗೆ

ಕತೆ ಓದುತ್ತಾ ಹೋಗುತ್ತೀರಿ. ಇದ್ದಕ್ಕಿದ್ದಂತೆ ಹೇಳುವವನು ಕತೆ ನಿಲ್ಲಿಸಿ ನಿಮ್ಮ ಕಡೆ ತಿರುಗುತ್ತಾನೆ. 'ಇದನ್ನು ಹೇಗೆ ಹೇಳಲಿ?' ಅಂತ ಕೇಳುತ್ತಾನೆ. ಇಲ್ಲವೇ ಪಕ್ಕದಲ್ಲಿ ಕೂತ ಯಾರೋ ಬಾಯಿ ಹಾಕಿ, 'ಹೀಗೆ ಬೇಡ, ಹಾಗೆ ಹೇಳು' ಅನ್ನುತ್ತಾರೆ. ಹೀಗೆ ತನ್ನ ಬಗ್ಗೆ ತಾನೇ ಮಾತಾಡುವ ಕತೆಗೆ ಇಂಗ್ಲಿಷಿನಲ್ಲಿ ಮೆಟಾಫಿಕ್ಷನ್ ಅಂತ ಹೆಸರು ಹುಟ್ಟಿದ್ದು 1970ರಲ್ಲಿ. ಆದರೆ ಕನ್ನಡದಲ್ಲಿ ಅಂಥದ್ದನ್ನು ನಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲೇ ಓದಿದ್ದೇವೆ. ಮುದ್ದಣ ಮನೋರಮೆಯರ ಸಲ್ಲಾಪ ನೆನಪಿದೆ ಅಲ್ವಾ?

ಇಂಥ ಕತೆಗಳನ್ನು ಓದುವಾಗ ಬಹಳ ಜನ ಈ ಅಡ್ಡಮಾತುಗಳನ್ನು ದಾಟಿಕೊಂಡು 'ನಿಜವಾದ ಕತೆ'ಗೆ ಓಡುತ್ತಾರೆ. ನಾನೂ ತುಂಬಾ ವರ್ಷ ಹಾಗೇ ಓದಿದ್ದೆ. ಆಮೇಲೆ ನಾಲ್ಕೈದು ಜನ ಸೇರಿ ಭಾನುವಾರ ಸಂಜೆ ಓದುವುದಕ್ಕೆ ಶುರು ಮಾಡಿದೆವು. ಆಗ ಒಂದು ವಿಷಯ ಗೊತ್ತಾಯಿತು. ಈ ಕತೆಗಳು ತಮ್ಮ ಮುಖ್ಯವಾದ ಮಾತನ್ನು ಆ ಅಡ್ಡಮಾತಿನಲ್ಲೇ ಇಟ್ಟಿರುತ್ತವೆ. ಅದರಲ್ಲೂ ಕತೆಯೊಳಗೇ ಕೂತಿರುವ ಕೇಳುಗರ ಬಾಯಲ್ಲಿ. ಆ ಕೇಳುಗರನ್ನು ಹಿಡಿದುಕೊಂಡು ಓದುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಕನ್ನಡ ಕೃತಿಗಳು ಮುಂದೆ ಇರುತ್ತವೆ: ಮುದ್ದಣನ 'ಶ್ರೀರಾಮಾಶ್ವಮೇಧಂ' ಮತ್ತು ಗಿರೀಶ ಕಾರ್ನಾಡರ 'ನಾಗಮಂಡಲ'. ನಡುವೆ ಒಂದು ಇಂಗ್ಲಿಷ್ ಕಾದಂಬರಿ ಬಂದು ಹೋಗುತ್ತದೆ.

ಮೊದಲು, ಅಳಿಸಿ ನೋಡಿ

'ಓದುಗರೇ' ಅಂತ ಕಂಡ ಕೂಡಲೇ ಅದು ಮೆಟಾಫಿಕ್ಷನ್ ಅಂದುಕೊಳ್ಳಬೇಡಿ. ಹಳೆಯ ಕಾದಂಬರಿಗಳಲ್ಲಿ 'ಪ್ರಿಯ ವಾಚಕರೇ, ಈಗ ನಾವು ಅರಮನೆಯ ಕಡೆ ಹೋಗೋಣ' ಎಂಬಂಥ ಮಾತು ಬೇಕಾದಷ್ಟು ಬರುತ್ತದೆ. ಅದು ಬಸ್ ಕಂಡಕ್ಟರ್ ಮುಂದಿನ ಸ್ಟಾಪಿನ ಹೆಸರು ಕೂಗಿದ ಹಾಗೆ. ಕೂಗದಿದ್ದರೂ ಬಸ್ಸು ಅದೇ ದಾರಿಯಲ್ಲಿ ಹೋಗುತ್ತದೆ.

ಅದಕ್ಕೆ ಪೆನ್ಸಿಲ್ ತಗೊಂಡು ಆ ಮಾತಿನ ಸುತ್ತ ಒಂದು ಗೆರೆ ಎಳೆಯಿರಿ. ಅದು ಇಲ್ಲ ಅಂದುಕೊಂಡು ಮುಂದಿನ ಎರಡು ಪುಟ ಓದಿ. ಏನೂ ಬದಲಾಗದಿದ್ದರೆ ಅದು ಸುಮ್ನೆ ದಾರಿ ತೋರಿಸುವ ಮಾತು. ಕತೆಯ ಭಾಷೆಯೋ ನಡೆಯೋ ಕೊನೆಯೋ ಬದಲಾಗಿಬಿಟ್ಟರೆ ನೀವು ಹುಡುಕುತ್ತಿರುವುದು ಅದನ್ನೇ.

ಮನೋರಮೆಯ ಮೇಲೆ ಈ ಪರೀಕ್ಷೆ ಮಾಡಿ ನೋಡೋಣ. ಮಳೆಗಾಲ. ಮುದ್ದಣ ಅರಮನೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಉಪಚಾರ ಮಾಡುತ್ತಾಳೆ. ಹೊತ್ತು ಹೋಗಬೇಕು, ಒಂದು ಕತೆ ಹೇಳು ಅನ್ನುತ್ತಾಳೆ. ಯಾವ ಕತೆ ಅನ್ನುವುದರ ಮೇಲೆ ಮಾತು ನಡೆಯುತ್ತದೆ. ರಾಮಾಶ್ವಮೇಧ ಅಂತ ತೀರ್ಮಾನ ಆಗುತ್ತದೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಅಂತ ಅವನು ಕೇಳುತ್ತಾನೆ. ಅವಳ ಉತ್ತರ ಕನ್ನಡದಲ್ಲಿ ಗಾದೆಯೇ ಆಗಿಬಿಟ್ಟಿದೆ: 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ.'

ಸರಿ ಅಂತ ಅವನು 'ಸ್ವಸ್ತಿ ಶ್ರೀಮತ್ಸುರಾಸುರೇಂದ್ರ' ಅಂತ ಶುರು ಮಾಡುತ್ತಾನೆ. ಉಸಿರು ಬಿಡಲಿಕ್ಕೂ ಜಾಗವಿಲ್ಲದ ಸಂಸ್ಕೃತ ಸಮಾಸ. ಅವಳು ತಡೆಯುತ್ತಾಳೆ. 'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು' ಅನ್ನುತ್ತಾಳೆ. ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದರೆ ಏನಾಗುತ್ತದೆ, ಯೋಚಿಸಿ. ಆಗ ಅವನು ಸೋಲೊಪ್ಪುತ್ತಾನೆ. ಕರಿಮಣಿ ಸರದ ನಡುವೆ ಹವಳ ಕೋದ ಹಾಗೆ, ಅಲ್ಲಲ್ಲಿ ಮಾತ್ರ ಸಂಸ್ಕೃತ ಸೇರಿಸಿ ತಿರುಳ್ಗನ್ನಡದಲ್ಲೇ ಹೇಳುತ್ತೇನೆ ಅಂತ ಒಪ್ಪಿಕೊಳ್ಳುತ್ತಾನೆ.

ಈಗ ಮನೋರಮೆಯನ್ನು ಅಳಿಸಿ. ರಾಮ, ಕುದುರೆ, ಯುದ್ಧ ಎಲ್ಲ ಹಾಗೇ ಉಳಿಯುತ್ತವೆ. ಆದರೆ ಈ ಕೃತಿ ಗದ್ಯದಲ್ಲಿ ಯಾಕಿದೆ ಅನ್ನುವುದಕ್ಕೆ ಕಾರಣ ಹೋಯಿತು. ಈ ಕನ್ನಡದಲ್ಲಿ ಯಾಕಿದೆ ಅನ್ನುವುದಕ್ಕೂ ಕಾರಣ ಹೋಯಿತು. ನಾವು ಓದುತ್ತಿರುವ ಒಂದೊಂದು ವಾಕ್ಯವೂ ಅವಳು ಹಿಡಿದ ಹಟದಿಂದ ಈ ರೂಪಕ್ಕೆ ಬಂದಿದೆ ಅಂತ ಕೃತಿಯೇ ಹೇಳಿಕೊಳ್ಳುತ್ತಿದೆ. ಪರೀಕ್ಷೆಯಲ್ಲಿ ಮನೋರಮೆ ಗೆದ್ದಳು.

ಹೇಳುವವನನ್ನು ಬರೆದವನಿಂದ ಬಿಡಿಸಿ

ಇದು ಎರಡನೇ ಹೆಜ್ಜೆ. ಜಾಸ್ತಿ ಜನ ಜಾರುವುದು ಇಲ್ಲೇ. 'ನಾನು' ಅನ್ನುವವನು ನಮ್ಮ ಜೊತೆ ನೇರವಾಗಿ ಮಾತಾಡುತ್ತಾನೆ. ಅದಕ್ಕೇ ಅವನೇ ಲೇಖಕ ಅಂತ ನಂಬಿಬಿಡುತ್ತೇವೆ. ಆತ್ಮೀಯವಾಗಿ ಮಾತಾಡುವವನು ಸತ್ಯವನ್ನೇ ಹೇಳುತ್ತಾನೆ ಅನ್ನುವ ಅಭ್ಯಾಸ ನಮ್ಮದು.

ನಾನು ಒಂದು ಸಲ ಸಣ್ಣ ಸಭೆಯೊಂದರಲ್ಲಿ ಮುದ್ದಣನ ಬಗ್ಗೆ ಮಾತಾಡಿದ್ದೆ. 'ಅರಮನೆಯ ಕವಿ ಮುದ್ದಣ' ಅಂತಲೇ ಶುರು ಮಾಡಿದ್ದೆ. ಮುಗಿದ ಮೇಲೆ ಉಡುಪಿ ಕಡೆಯ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: 'ಮಾರಾಯ್ರೆ, ಯಾವ ಅರಮನೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಮನೆಗೆ ಬಂದು ಕವಿಯ ಬದುಕನ್ನು ಮೊದಲ ಸಲ ಸರಿಯಾಗಿ ಓದಿದೆ.

ಮುದ್ದಣ ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ. ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡುವ ಮೇಷ್ಟ್ರು. ಬಡತನ ಬಿಡಲಿಲ್ಲ. ಕ್ಷಯರೋಗ ಹಿಡಿದು 1901ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೊಂದು. ಹೆಂಡತಿಯ ಹೆಸರು ಕಮಲಾಬಾಯಿ, ಮನೋರಮೆ ಅಲ್ಲ. ಅಷ್ಟೇ ಅಲ್ಲ, ಆತ ತನ್ನ ಕೃತಿಯನ್ನು ಮೈಸೂರಿನ ಪತ್ರಿಕೆಗೆ ಕಳಿಸಿದ್ದು ಯಾವುದೋ ಹಳೆಯ ಕವಿಯ ಕೃತಿ ಎಂಬಂತೆ. ಹಳಗನ್ನಡದಲ್ಲಿ ಬರೆದದ್ದೂ ಈ ವೇಷಕ್ಕೆ ಒಪ್ಪುತ್ತಿತ್ತು. ಬರೆದವನು ಉಡುಪಿಯ ವ್ಯಾಯಾಮದ ಮೇಷ್ಟ್ರು ಅಂತ ಲೋಕಕ್ಕೆ ತಿಳಿದದ್ದು ಆಮೇಲೆ.

ಇದನ್ನು ಗೊತ್ತು ಮಾಡಿಕೊಂಡು ಸಲ್ಲಾಪವನ್ನು ಮತ್ತೆ ಓದಿ. ಬೆಚ್ಚಗಿನ ಮನೆ, ಹಣ್ಣು ಹಾಲು ತಾಂಬೂಲ, ಅರಮನೆಯ ಉದ್ಯೋಗ, ಬಿಡುವಾಗಿ ಕೂತು ಮಾತಾಡುವ ಹೊತ್ತು. ರಾಮನ ಕತೆ ಹೇಗೆ ಕಟ್ಟಿದ್ದೋ ಈ ಮನೆಯೂ ಹಾಗೇ ಕಟ್ಟಿದ್ದು. 'ಇದು ಕತೆ, ಇದು ಕತೆಯ ಹೊರಗಿನ ನಿಜ' ಅಂತ ನಾವು ಎಳೆದುಕೊಂಡ ಗೆರೆ ಇತ್ತಲ್ಲ, ಆ ಗೆರೆಯ ಹೊರಗೂ ಕತೆಯೇ ಇದೆ.

ಹಾಗಾಗಿ ಓದುವಾಗ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಒಳಗಿನ ಕತೆಗೆ ಒಂದು ಬಣ್ಣ. ಕತೆ ಹೇಳುವ ಜಾಗಕ್ಕೆ ಇನ್ನೊಂದು. ಪುಸ್ತಕದ ಆಚೆ, ನಿಜವಾಗಿ ಬರೆದವನಿಗೂ ಓದುವವನಿಗೂ ಸೇರಿದ್ದಕ್ಕೆ ಮೂರನೆಯದು. ನಮ್ಮ ಗುಂಪಿನಲ್ಲಿ ಸಲ್ಲಾಪದ ಜೆರಾಕ್ಸ್ ಪ್ರತಿಗಳ ಮೇಲೆ ನೀಲಿ, ಹಸಿರು, ಕೆಂಪು ಬಳಸಿದೆವು. ಮೊದಲ ಪುಟ ಪೂರ್ತಿ ಹಸಿರಾಯಿತು. ಅಂಚಿನಲ್ಲಿ ಒಂದೇ ಒಂದು ಕೆಂಪು ಟಿಪ್ಪಣಿ: 'ವ್ಯಾಯಾಮದ ಮೇಷ್ಟ್ರು.' ಆ ಪ್ರತಿ ಈಗಲೂ ನನ್ನ ಹತ್ತಿರ ಇದೆ.

ಕೆಂಪು ಬಣ್ಣವನ್ನು ಜೋಪಾನವಾಗಿ ಬಳಸಬೇಕು ಅನ್ನುವುದನ್ನೂ ಹೇಳಬೇಕು. ಕವಿಯ ಬಡತನವನ್ನು ತಿಳಿದ ಮೇಲೆ ಎಲ್ಲವನ್ನೂ ಅದರಿಂದಲೇ ವಿವರಿಸುವ ಆಸೆ ಹುಟ್ಟುತ್ತದೆ. ಪಾಪ, ಹಸಿದವನು ಹಾಲು ಹಣ್ಣಿನ ಕನಸು ಕಂಡ ಅನ್ನುವುದು ಬಹಳ ಸುಲಭದ ಓದು. ಲಕ್ಷ್ಮೀನಾರಣಪ್ಪ ಯಕ್ಷಗಾನ ಪ್ರಸಂಗಗಳನ್ನೂ ಬರೆದವನು. ಯಕ್ಷಗಾನದಲ್ಲಿ ಭಾಗವತ ಹಾಡುತ್ತಾ ಹಾಡುತ್ತಾ ವೇಷದ ಜೊತೆ ಮಾತಿಗೆ ಇಳಿಯುತ್ತಾನೆ. ಹೇಳುವವನ ಎದುರು ಮಾತು ಕೊಡುವವರೊಬ್ಬರು ಇರುವುದು ಅವನಿಗೆ ಕಣ್ಣೆದುರಿನ ಕಲೆ. ಮನೋರಮೆ ಆ ರಂಗದಿಂದಲೂ ಬಂದಿರಬಹುದು ಅಂತ ನನಗೆ ಅನ್ನಿಸುತ್ತದೆ.

ಮಾತಾಡಿಸಿಕೊಳ್ಳುತ್ತಿರುವವರು ನೀವೇನಾ?

ಕತೆ 'ನೀವು' ಅಂದಾಗ ಆ ನೀವು ನಾವೇ ಅಂದುಕೊಳ್ಳುತ್ತೇವೆ. ಸ್ವಲ್ಪ ತಡೆಯಿರಿ. ಮನೋರಮೆ ಕತೆ ಕೇಳುತ್ತಾಳೆ, ನಾವೂ ಕೇಳುತ್ತೇವೆ. ಆದರೆ ನಾವು ಅವಳಲ್ಲ. ಅವಳು ತಡೆಯಬಹುದು, ನಮಗೆ ಆಗುವುದಿಲ್ಲ. ಅವಳು ಕೂತಿರುವ ಜಾಗಕ್ಕೂ ನಾವು ಕೂತಿರುವ ಜಾಗಕ್ಕೂ ನಡುವೆ ಇರುವ ಅಂತರದಲ್ಲೇ ಲೇಖಕ ಕೆಲಸ ಮಾಡುತ್ತಿರುತ್ತಾನೆ.

ಇದನ್ನು ನಾನು ಚೆನ್ನಾಗಿ ಕಲಿತದ್ದು ಲಾರೆನ್ಸ್ ಸ್ಟರ್ನ್ ಬರೆದ 'ಟ್ರಿಸ್ಟ್ರಾಮ್ ಶಾಂಡಿ'ಯಿಂದ. ಅದರ ಮೊದಲ ಭಾಗಗಳು ಹೊರಬಂದದ್ದು 1759ರಲ್ಲಿ. ಮೊದಲ ಸಂಪುಟದ ಇಪ್ಪತ್ತನೇ ಅಧ್ಯಾಯದಲ್ಲಿ ಟ್ರಿಸ್ಟ್ರಾಮ್ ಒಬ್ಬ ಓದುಗಿತಿಯನ್ನು 'ಮೇಡಂ' ಅಂತ ಕರೆದು ಗದರುತ್ತಾನೆ. ನಮ್ಮ ತಾಯಿ ಕ್ಯಾಥೊಲಿಕ್ ಅಲ್ಲ ಅಂತ ಹಿಂದಿನ ಅಧ್ಯಾಯದಲ್ಲಿ ಹೇಳಿದ್ದೆ, ನೀವು ಗಮನವಿಟ್ಟು ಓದಲಿಲ್ಲ ಅನ್ನುತ್ತಾನೆ. ಅಂಥದ್ದೇನೂ ಹೇಳಿಲ್ಲ ಅಂತ ಅವರು ವಾದಿಸುತ್ತಾರೆ. ಹೋಗಿ, ಪೂರ್ತಿ ಅಧ್ಯಾಯ ಮತ್ತೆ ಓದಿಕೊಂಡು ಬನ್ನಿ ಅಂತ ಅವರನ್ನು ಕಳಿಸಿಬಿಡುತ್ತಾನೆ. ಅವರು ಹೋದ ಮೇಲೆ ನಮ್ಮ ಕಡೆ ತಿರುಗಿ, ಕತೆಯ ರುಚಿಗೆ ಬಿದ್ದು ಓಡುವವರ ಬಗ್ಗೆ ಮಾತಾಡುತ್ತಾನೆ.

ಈ ಜಾಗದಲ್ಲಿ ನಿಮಗೆ ಏನಾಗುತ್ತದೆ ಅನ್ನುವುದನ್ನು ಗಮನಿಸಿ. ಮೊದಲು ಸಮಾಧಾನ. ಬೈಸಿಕೊಂಡವರು ಮೇಡಂ, ನಾನಲ್ಲ. ಆಮೇಲೆ ಮೆಲ್ಲಗೆ ಅನುಮಾನ. ನಾನು ಮಾತ್ರ ಅದನ್ನು ಗಮನಿಸಿದ್ದೆನಾ? ಇಲ್ಲ. ಅವರು ವಾಪಸ್ ಬರುತ್ತಾರೆ, ಅವರಿಗೂ ಸಿಕ್ಕಿಲ್ಲ. ಆಗ ಟ್ರಿಸ್ಟ್ರಾಮ್ ಒಂದು ಸಾಲು ತೋರಿಸುತ್ತಾನೆ. ದೀಕ್ಷಾಸ್ನಾನಕ್ಕೆ ಮೊದಲು ನಾನು ಹುಟ್ಟುವುದು ಅಗತ್ಯವಾಗಿತ್ತು ಅನ್ನುವ ಅರ್ಥದ ಸಾಲು. ಕ್ಯಾಥೊಲಿಕ್ಕರಲ್ಲಿ ಹೆರಿಗೆ ಕಷ್ಟವಾದಾಗ ಮಗು ಹುಟ್ಟುವ ಮೊದಲೇ ದೀಕ್ಷಾಸ್ನಾನ ಕೊಡಬಹುದಿತ್ತು. ತಾಯಿ ಕ್ಯಾಥೊಲಿಕ್ ಆಗಿದ್ದರೆ ಆ 'ಅಗತ್ಯ' ಇರುತ್ತಲೇ ಇರಲಿಲ್ಲ. ಇದನ್ನು ಓದುತ್ತಲೇ ಹಿಡಿದವರು ಯಾರಿದ್ದಾರೆ!

ಅಂದರೆ ಮೇಡಂ ನಮ್ಮ ಬದಲು ಬೈಸಿಕೊಳ್ಳುವುದಕ್ಕೆ ಇಟ್ಟವರು. ಮನೋರಮೆ ಹಾಗಲ್ಲ. ಕಡುಬಿನ ಮಾತಾಡಿ ಅವಳು ನಮ್ಮ ಬದಲು ಬೈಯುತ್ತಾಳೆ. ಒಬ್ಬರ ಮೇಲೆ ಹೇಳುವವನ ಅಧಿಕಾರ ನಡೆಯುತ್ತದೆ. ಇನ್ನೊಬ್ಬಳು ಹೇಳುವವನ ಮೇಲೇ ಅಧಿಕಾರ ನಡೆಸುತ್ತಾಳೆ. ಓದುವಾಗ ಅಂಚಿನಲ್ಲಿ ಇಷ್ಟು ಬರೆದುಕೊಂಡರೆ ಸಾಕು: ಒಳಗಿನ ಕೇಳುಗ ಈಗ ಏನು ಮಾಡಿದ? ಕೇಳಿದನಾ, ತಡೆದನಾ, ಒಪ್ಪಿದನಾ, ಸುಮ್ಮನಾದನಾ? ಅದರ ಮುಂದೆ, ಅದೇ ಜಾಗದಲ್ಲಿ ನೀವು ಏನು ಮಾಡುತ್ತಿದ್ದಿರಿ ಅನ್ನುವುದನ್ನೂ ಬರೆಯಿರಿ. ಎರಡೂ ಒಂದೇ ಆಗದ ಜಾಗಗಳಿಗೆ ಗುರುತು ಹಾಕಿ. ಕತೆ ತನ್ನ ಬಗ್ಗೆ ಏನು ಹೇಳುತ್ತಿದೆ ಅನ್ನುವುದು ಅಲ್ಲೇ ಸಿಗುತ್ತದೆ.

'ನಾಗಮಂಡಲ'ವನ್ನು ಹೀಗೆ ಓದಿದಾಗ

ಈಗ ಪೂರ್ತಿ ಒಂದು ಕೃತಿಯನ್ನು ತಗೊಳ್ಳೋಣ. ಕಾರ್ನಾಡರು ಈ ನಾಟಕವನ್ನು 1980ರ ದಶಕದ ಕೊನೆಯಲ್ಲಿ ಬರೆದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳೇ ಇದಕ್ಕೆ ಮೂಲ.

ಹಾಳು ಗುಡಿ. ರಾತ್ರಿ. ಒಬ್ಬ ಮನುಷ್ಯ ಆಕಳಿಸುತ್ತಾ ಕೂತಿದ್ದಾನೆ. ಈ ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಾಗಿರದಿದ್ದರೆ ಸಾಯುತ್ತೀಯ ಅಂತ ಒಬ್ಬ ಸಾಧು ಹೇಳಿದ್ದಾನೆ. ಇದೇ ಕೊನೆಯ ರಾತ್ರಿ. ಅವನ ತಪ್ಪೇನು? ಅವನು ನಾಟಕ ಬರೆಯುವವನು. ಅವನ ನಾಟಕ ನೋಡುತ್ತಾ ಅದೆಷ್ಟೋ ಜನ ನಿದ್ದೆ ಹೋಗಿದ್ದಾರೆ. ಆ ನಿದ್ದೆಯೆಲ್ಲ ಶಾಪವಾಗಿ ಬಂದಿದೆ.

ಅಷ್ಟರಲ್ಲಿ ಊರಿನ ಮನೆಗಳಲ್ಲಿ ಆರಿಸಿದ ದೀಪಗಳ ಜ್ವಾಲೆಗಳು ಒಂದೊಂದಾಗಿ ಗುಡಿಗೆ ಬಂದು ಹರಟೆ ಹೊಡೆಯುತ್ತವೆ. ಅದರಲ್ಲಿ ಒಂದು ಜ್ವಾಲೆಯ ಮನೆಯ ಮುದುಕಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಅವಳು ಬಾಯಿ ತೆರೆದು ಮಲಗಿದ್ದಾಗ ಕತೆ ಹೊರಗೆ ಜಿಗಿದು ಹೆಣ್ಣಾಯಿತು, ಹಾಡು ಸೀರೆಯಾಯಿತು. ಆ ಕತೆಯೇ ಈಗ ಗುಡಿಗೆ ಬಂದಿದೆ. ತನ್ನನ್ನು ಯಾರಾದರೂ ಕೇಳಿ ಮುಂದಕ್ಕೆ ದಾಟಿಸಬೇಕು ಅನ್ನುವುದು ಅದರ ಸಂಕಟ. ಮನುಷ್ಯನಿಗೆ ಎಚ್ಚರವಾಗಿರಬೇಕು, ಕತೆಗೆ ಕೇಳುಗ ಬೇಕು. ಇಬ್ಬರಿಗೂ ಉಳಿಯಬೇಕಾಗಿದೆ.

ಕತೆ ಹೇಳುವುದು ರಾಣಿಯ ಕತೆ. ಗಂಡ ಅಪ್ಪಣ್ಣ ಅವಳನ್ನು ಮನೆಯಲ್ಲಿ ಬೀಗ ಹಾಕಿ ಇಟ್ಟು, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಬೇರೆ ಹೆಂಗಸಿನ ಮನೆ. ಕುರುಡವ್ವ ಕೊಟ್ಟ ಬೇರನ್ನು ಅರೆದು ಹಾಕಿದ ಸಾರನ್ನು ರಾಣಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗನಿಗೆ ಅವಳ ಮೇಲೆ ಪ್ರೀತಿ ಹುಟ್ಟುತ್ತದೆ. ಅಪ್ಪಣ್ಣನ ರೂಪದಲ್ಲಿ ರಾತ್ರಿ ರಾತ್ರಿ ಬರುತ್ತಾನೆ. ರಾಣಿ ಬಸುರಾದಾಗ ಅಪ್ಪಣ್ಣ ಪಂಚಾಯ್ತಿ ಸೇರಿಸುತ್ತಾನೆ. ಅವಳು ಹುತ್ತಕ್ಕೆ ಕೈ ಹಾಕಿ ಸರ್ಪವನ್ನು ಹಿಡಿದು ಪ್ರಮಾಣ ಮಾಡುತ್ತಾಳೆ. ನಾಗ ಅವಳ ತಲೆಯ ಮೇಲೆ ಹೆಡೆ ಬಿಚ್ಚುತ್ತದೆ. ಊರೇ ಅವಳನ್ನು ದೇವಿ ಅನ್ನುತ್ತದೆ. ಅಪ್ಪಣ್ಣ ಕಾಲಿಗೆ ಬೀಳುತ್ತಾನೆ. ಎಲ್ಲರೂ ಸುಖವಾಗಿದ್ದರು ಅಂತ ಕತೆ ಮುಗಿಯಬೇಕು.

ಮುಗಿಯುವುದಿಲ್ಲ. ಗುಡಿಯ ಮನುಷ್ಯ ತಕರಾರು ತೆಗೆಯುತ್ತಾನೆ. ತಾನು ಹೆಂಡತಿಯನ್ನು ಮುಟ್ಟಿಲ್ಲ ಅಂತ ಅಪ್ಪಣ್ಣನಿಗೆ ಗೊತ್ತಲ್ಲ! ಊರೆಲ್ಲ ಕೈ ಮುಗಿದರೂ ಅವನ ಒಳಗೆ ಏನು ನಡೆಯುತ್ತಿತ್ತು? ರಾಣಿಗೂ ಇಬ್ಬರು ಗಂಡಸರ ವ್ಯತ್ಯಾಸ ತಿಳಿಯದೆ ಹೋಗುತ್ತದೆಯೇ? ಈ ತಕರಾರಿಗೆ ಉತ್ತರವಾಗಿ ಕತೆ ಮುಂದುವರಿಯುತ್ತದೆ. ನಾಗ ಬಂದು ಅವಳ ಕೂದಲಲ್ಲಿ ಸುತ್ತಿಕೊಂಡು ಸಾಯುತ್ತಾನೆ. ಸತ್ತ ಹಾವಿಗೆ ತನ್ನ ಮಗನ ಕೈಯಿಂದ ಸಂಸ್ಕಾರ ಮಾಡಿಸಬೇಕು ಅಂತ ರಾಣಿ ಕೇಳುತ್ತಾಳೆ. ಅವಳಿಗೆ ಎಲ್ಲ ತಿಳಿದಿದೆ ಅಂತ ಆಗ ನಮಗೆ ಹೊಳೆಯುತ್ತದೆ. ಇದಕ್ಕೂ ಕೇಳುವವರಿಗೆ ಸಮಾಧಾನ ಇಲ್ಲ. ಮೂರನೆಯ ಕೊನೆ ಬರುತ್ತದೆ. ಕೂದಲಿಂದ ಬಿದ್ದ ಹಾವಿಗೆ ಜೀವ ಇದೆ. ಅಪ್ಪಣ್ಣ ಕೋಲು ತರಲು ಹೋದಾಗ ರಾಣಿ ಅದನ್ನು ತನ್ನ ಜಡೆಯೊಳಗೆ ಅಡಗಿಸಿಕೊಳ್ಳುತ್ತಾಳೆ.

ಇಲ್ಲಿ ಪೆನ್ಸಿಲ್ ತಗೊಳ್ಳಿ. ಹಾಳು ಗುಡಿಯನ್ನು ಅಳಿಸಿದರೆ? ಮೊದಲ ಕೊನೆಗೇ ನಾಟಕ ನಿಂತುಹೋಗುತ್ತದೆ. ಪವಾಡ ನಡೆಯಿತು, ಗಂಡ ತಿದ್ದಿಕೊಂಡ, ಸಂತೋಷ. ಅದು ಊರಿಗೆ ಬೇಕಾದ ಕತೆ. ರಾಣಿಯ ಒಳಗೆ ಒಂದು ತಿಳಿವು ಇದೆ ಅನ್ನುವುದು ಹೊರಗೆ ಬಂದದ್ದು ಕೇಳುಗ ಸುಮ್ಮನಿರದ ಕಾರಣಕ್ಕೆ. ಅವಳ ಜಡೆಯಲ್ಲಿ ನಾಗ ಬದುಕಿ ಉಳಿದದ್ದು ಇನ್ನೊಮ್ಮೆ ಒಪ್ಪದ ಕಾರಣಕ್ಕೆ.

ಕೊನೆಗೆ, ಒಂದು ವಾಕ್ಯ ಬರೆಯಿರಿ

ಓದು ಮುಗಿದ ಮೇಲೆ ಒಂದು ಚೀಟಿಯಲ್ಲಿ ಹೀಗೆ ಶುರು ಮಾಡಿ: 'ಈ ಕೃತಿಯ ಪ್ರಕಾರ ಕತೆ ಅಂದರೆ…' ಮುಂದಿನದನ್ನು ನೀವು ತುಂಬಿಸಬೇಕು. ಆಮೇಲೆ ನೀವು ಗುರುತು ಹಾಕಿದ ಜಾಗಗಳ ಎದುರು ಅದನ್ನು ಹಿಡಿದು ನೋಡಬೇಕು.

ನಮ್ಮ ಗುಂಪಿನಲ್ಲಿ ಮೊದಲ ಸಲ ಮೂರು ಚೀಟಿಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು ಇತ್ತು: ಕತೆಯೆಲ್ಲ ಸುಳ್ಳು, ಬೇಕಾದ ಹಾಗೆ ತಿರುಗಿಸಬಹುದು. ಮೂರು ಕೊನೆ ಇದೆ ಅಂದಮೇಲೆ ಯಾವುದೂ ನಿಜ ಅಲ್ಲ ಅನ್ನುವ ಲೆಕ್ಕ. ಮೆಟಾಫಿಕ್ಷನ್ ಓದಿದವರು ಬಹಳ ಬೇಗ ಬಂದು ನಿಲ್ಲುವ ಜಾಗ ಇದೇ. ಇದು ತಪ್ಪು ಅಂತ ಹೇಗೆ ಗೊತ್ತಾಗುತ್ತದೆ? ನಿಮ್ಮದೇ ಗುರುತುಗಳನ್ನು ನೋಡಿ. ಮನುಷ್ಯ ತಕರಾರು ಮಾಡಿದ್ದು 'ಇದು ಸುಳ್ಳು' ಅಂತ ಅಲ್ಲ. ಹಾವು ಮನುಷ್ಯನ ರೂಪ ತಾಳುವುದು ಅವನಿಗೆ ಸ್ವಲ್ಪವೂ ತೊಂದರೆ ಕೊಡಲಿಲ್ಲ. ಅಪ್ಪಣ್ಣ ಸುಮ್ಮನೆ ಒಪ್ಪಿಕೊಂಡ ಅನ್ನುವುದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಪವಾಡ ಇಳಿಯಿತು, ಮನಸ್ಸಿನ ಲೆಕ್ಕ ತಪ್ಪಿದ್ದು ಇಳಿಯಲಿಲ್ಲ. ಅಂದರೆ ಕಟ್ಟಿದ ಕತೆಯೊಳಗೂ ನಿಜ ಸುಳ್ಳುಗಳಿವೆ. ಹೇಳುವವರು ಬೇಕಾದ ಹಾಗೆ ತಿರುಗಿಸಲು ಹೋದರೆ ಕೇಳುಗ ಅದನ್ನು ಹಿಡಿಯುತ್ತಾನೆ.

ಇನ್ನೊಂದು ಚೀಟಿ ನಮ್ಮ ಜೊತೆ ಓದುತ್ತಿದ್ದ ನಿವೃತ್ತ ನರ್ಸ್ ಒಬ್ಬರದು. 'ಈ ಕೃತಿಯ ಪ್ರಕಾರ ಕತೆ ಅಂದರೆ ಕೇಳುವವರು ಒಪ್ಪುವ ತನಕ ಮುಗಿಯದ್ದು' ಅಂತ ಬರೆದಿದ್ದರು. ಅದನ್ನು ಗುರುತುಗಳ ಎದುರು ಹಿಡಿದೆವು. ಮೂರು ಕೊನೆಗಳಿಗೂ ಹೊಂದಿತು. ಮುದುಕಿಯ ಬಾಯಿಂದ ಕತೆ ಹೊರಗೆ ಜಿಗಿದದ್ದಕ್ಕೂ ಹೊಂದಿತು, ಕೇಳುಗರೇ ಇಲ್ಲದಿದ್ದರೆ ಒಪ್ಪುವವರು ಯಾರು? ಮನೋರಮೆಯ ಕಡುಬಿಗೂ ಹೊಂದಿತು. ಆದರೆ ಟ್ರಿಸ್ಟ್ರಾಮನ ಮೇಡಂಗೆ ಹೊಂದಲಿಲ್ಲ. ಅಲ್ಲಿ ಹೇಳುವವನು ಯಾರ ಒಪ್ಪಿಗೆಗೂ ಕಾಯುವುದಿಲ್ಲ, ಇನ್ನೊಮ್ಮೆ ಓದು ಅಂತ ಕೇಳುಗರನ್ನೇ ತಿದ್ದುತ್ತಾನೆ. ಹಾಗಾಗಿ ಆ ವಾಕ್ಯ ಈ ಎರಡು ಕನ್ನಡ ಕೃತಿಗಳಿಗೆ ಸರಿ, ಎಲ್ಲ ಕತೆಗಳಿಗೂ ಅಲ್ಲ. ಒಂದು ಕೃತಿಗೆ ಬರೆದ ವಾಕ್ಯವನ್ನು ಇನ್ನೊಂದಕ್ಕೆ ಹಾಗೇ ಅಂಟಿಸಬೇಡಿ.

ನರ್ಸ್ ಅವರು ಇನ್ನೂ ಒಂದು ಮಾತು ಹೇಳಿದರು. ಇದು ಕತೆ ಅಂತ ಹೆಣ್ಣಾಗಿ ಬಂದ ಆ ಕತೆಯೇ ನಮ್ಮೆದುರು ಹೇಳಿದೆ. ಎರಡು ಸಲ ಕೊನೆ ಬದಲಾಯಿಸಿದ್ದನ್ನು ಕಣ್ಣಾರೆ ನೋಡಿದ್ದೇವೆ. ಆದರೂ ರಾಣಿ ಸತ್ತ ಹಾವಿನ ಎದುರು ನಿಂತಾಗ ತಮಗೆ ಅಳು ಬಂತು ಅಂದರು. ನನಗೂ ಬಂದಿತ್ತು. ಕತೆ ನಮ್ಮನ್ನು ಮೋಸ ಮಾಡಿ ನಂಬಿಸುತ್ತದೆ ಅನ್ನುವುದು ನಿಜವಾಗಿದ್ದರೆ, ಗುಟ್ಟು ಬಿಚ್ಚಿಟ್ಟ ಮೇಲೆ ನಂಬಿಕೆ ಹೋಗಬೇಕಿತ್ತು. ಹೋಗಲಿಲ್ಲ. ನಾವು ತಿಳಿದೇ ನಂಬುತ್ತಿದ್ದೆವು, ಮೊದಲಿನಿಂದಲೂ. ಮಕ್ಕಳು ಅಜ್ಜಿ ಹೇಳುವ ಅದೇ ಕತೆಯನ್ನು ಹತ್ತನೇ ಸಲ ಕೇಳುವಾಗ ಹುಲಿ ಬರುವ ಜಾಗದಲ್ಲಿ ಮತ್ತೆ ಹೆದರುತ್ತಾರಲ್ಲ, ಹಾಗೆ. ನಿಮ್ಮ ಪ್ರತಿಯಲ್ಲೂ ಇಂಥ ಒಂದು ಜಾಗ ಹುಡುಕಿ: ಇದು ಕಟ್ಟಿದ್ದು ಅಂತ ಗೊತ್ತಾದ ಮೇಲೂ ನೀವು ನಂಬಿದ ಜಾಗ. ಅಂಥದ್ದು ಒಂದೂ ಸಿಗದಿದ್ದರೆ, ಆ ಲೇಖಕ ಬರೀ ತನ್ನ ಚಳಕ ತೋರಿಸುತ್ತಿದ್ದಾನೆ ಅಂತ ನಾನು ಹೇಳುತ್ತೇನೆ. ಅಂಥ ಕೃತಿಗಳೂ ಬೇಕಾದಷ್ಟಿವೆ.

ನೀವೇ ಕೈಯಾರೆ ಮಾಡಿ ನೋಡಬೇಕು ಅಂದರೆ ಕಾರ್ನಾಡರದ್ದೇ 'ಹಯವದನ' ತಗೊಳ್ಳಿ. ಭಾಗವತ ಗಣಪತಿಯನ್ನು ಪೂಜಿಸಿ ಒಂದು ಕತೆ ಶುರು ಮಾಡುತ್ತಾನೆ. ಅಷ್ಟರಲ್ಲಿ ಕುದುರೆ ತಲೆಯ ಮನುಷ್ಯನೊಬ್ಬ ರಂಗಕ್ಕೆ ಬರುತ್ತಾನೆ. ಅದು ಮುಖವಾಡ ಅಂದುಕೊಂಡು ಭಾಗವತ ಎಳೆಯುತ್ತಾನೆ. ಬರುವುದಿಲ್ಲ. ಪಾತ್ರಧಾರಿಗಳೆಲ್ಲ ವೇಷ ಹಾಕಿಕೊಂಡೇ ಬರುವ ರಂಗದ ಮೇಲೆ, ಇದೊಂದು ತಲೆ ಮಾತ್ರ ವೇಷ ಅಲ್ಲ ಅಂತ ನಾಟಕ ಹೇಳುತ್ತಿದೆ. ಮೊದಲ ಗೆರೆ ಅಲ್ಲಿ ಎಳೆಯಿರಿ. ಯಾವ ಬಣ್ಣದ ಪೆನ್ಸಿಲ್ ಅನ್ನುವುದನ್ನು ನೀವೇ ನೋಡಿಕೊಳ್ಳಿ.